ಕಲಬುರಗಿಯ ಕೂಲರ್ ಮಂಗಳೂರಿನಲ್ಲಿ ತಂಪು ಕೊಡುತ್ತಿಲ್ಲ, ಯಾಕೆ?

ಬಿಸಿಲೂರ ಮಗಳು · ಏಪ್ರಿಲ್ 14, ಮಧ್ಯಾಹ್ನ 3:40

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಯಜಮಾನರಿಗೆ ವರ್ಗ ಆಗಿ ಫೆಬ್ರುವರಿಯಲ್ಲಿ ಮಂಗಳೂರಿಗೆ ಬಂದೆವು. ಮನೆ ಸಾಮಾನಿನ ಜೊತೆ ನಮ್ಮ ದೊಡ್ಡ ಕೂಲರನ್ನೂ ಲಾರಿಗೆ ಹಾಕಿಸಿಕೊಂಡು ಬಂದೆವು. ಊರಲ್ಲಿ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲೂ ಅದರ ಮುಂದೆ ಕೂತರೆ ಹೊದ್ದುಕೊಳ್ಳಬೇಕು ಅನ್ನಿಸುತ್ತಿತ್ತು. ಇಲ್ಲಿ ಬರೀ 34 ಡಿಗ್ರಿ. ಆದರೂ ಕೂಲರ್ ಹಾಕಿದ ಅರ್ಧ ಗಂಟೆಗೆ ಮೈಯೆಲ್ಲ ಜಿಗುಟು. ಹಾಸಿಗೆ ತೇವ, ಪುಸ್ತಕದ ಹಾಳೆ ಮೆತ್ತಗಾಗುತ್ತದೆ. ಪ್ಯಾಡ್ ಹೊಸದು ಹಾಕಿಸಿದೆ, ಪಂಪ್ ನೋಡಿಸಿದೆ, ಎಲ್ಲ ಸರಿ ಇದೆ.

ಮನೆಯಲ್ಲಿ 72 ವರ್ಷದ ಅತ್ತೆ ಇದ್ದಾರೆ. ಮಧ್ಯಾಹ್ನ ಅವರಿಗೆ ತುಂಬಾ ಸುಸ್ತು. ಕೂಲರ್ ಕೆಟ್ಟಿದೆಯಾ, ಅಥವಾ ಈ ಊರಿನ ಗಾಳಿಯೇ ಹೀಗಾ?

ಪಿಯುಸಿ ಫಿಸಿಕ್ಸ್ · 3:58

ಅಕ್ಕಾ, ನೀರು ಆವಿಯಾದರೆ ತಂಪಾಗಲೇಬೇಕು. ಅದು ನಿಯಮ. ಕಿಟಕಿ ತೆರೆದಿಟ್ಟರೆ ತಂಪು ಹೊರಗೆ ಹೋಗುತ್ತದೆ, ಹಾಗಾಗಿ ಕಿಟಕಿ ಬಾಗಿಲು ಮುಚ್ಚಿ. ಟ್ಯಾಂಕಿಗೆ ಎರಡು ಟ್ರೇ ಐಸ್ ಹಾಕಿ. ಖಂಡಿತ ಕೆಲಸ ಮಾಡುತ್ತದೆ.

ಸುರತ್ಕಲ್ ಚಿಲ್ಲರ್ · ಸಂಜೆ 5:12

ಕಿಟಕಿ ಮುಚ್ಚಬೇಡಿ ಅಕ್ಕಾ, ದಯವಿಟ್ಟು. ನಾನು 22 ವರ್ಷದಿಂದ ದೊಡ್ಡ ಕಟ್ಟಡಗಳ ಎಸಿ, ಚಿಲ್ಲರ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕೂಲರ್ ಕೆಟ್ಟಿಲ್ಲ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಆ ಕೆಲಸಕ್ಕೆ ಇಲ್ಲಿನ ಗಾಳಿಯಲ್ಲಿ ಜಾಗ ಇಲ್ಲ, ಅಷ್ಟೇ.

ಕೂಲರ್ ಎಷ್ಟು ತಂಪು ಕೊಡಬಲ್ಲದು ಅನ್ನುವುದು ಹೊರಗಿನ ಬಿಸಿಯ ಮೇಲೆ ನಿಂತಿಲ್ಲ. ವೆಟ್ ಬಲ್ಬ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದೇ ವೆಟ್ ಬಲ್ಬ್. ನೀರು ಆರಿಸಿ ಗಾಳಿಯನ್ನು ಎಷ್ಟರ ಮಟ್ಟಿಗೆ ತಂಪು ಮಾಡಬಹುದು ಅನ್ನುವುದಕ್ಕೆ ಅದೇ ತಳ. ಕೂಲರಿನ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಕಲಬುರಗಿಯಲ್ಲಿ 42 ಡಿಗ್ರಿ, ತೇವಾಂಶ ಶೇ 20 ಇದ್ದ ದಿನ ವೆಟ್ ಬಲ್ಬ್ ಸುಮಾರು 23. ನಡುವೆ 19 ಡಿಗ್ರಿ ಅಂತರ. ಒಳ್ಳೆ ಪ್ಯಾಡ್ ಇದ್ದರೆ ಕೂಲರ್ ಈ ಅಂತರದ ಮುಕ್ಕಾಲು ಪಾಲು ಇಳಿಸುತ್ತದೆ. ಅಂದರೆ 14 ಡಿಗ್ರಿ. 42ರ ಗಾಳಿ 28ಕ್ಕೆ ಬಂತು. ನಿಮಗೆ ಹೊದಿಕೆ ಬೇಕೆನ್ನಿಸಿದ್ದು ಅದಕ್ಕೇ.

ಇಲ್ಲಿ ಅಂತರ ಎಷ್ಟಿದೆ ಅಂತ ನೀವೇ ಅಳೆದು ನೋಡಿ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ಗಾಜಿನ ಥರ್ಮಾಮೀಟರ್ ತೆಗೆದುಕೊಳ್ಳಿ. ಜ್ವರ ನೋಡುವಂಥದ್ದು ಬೇಡ.

ಪಿಯುಸಿ ಫಿಸಿಕ್ಸ್ · 5:30

ಸರ್, ಆದರೆ ಐಸ್ ಹಾಕಿದರೆ ವೆಟ್ ಬಲ್ಬಿಗಿಂತ ಕೆಳಗೆ ಹೋಗಬಹುದಲ್ವಾ? ನೀರೇ ತಣ್ಣಗಿದ್ದರೆ?

ಸುರತ್ಕಲ್ ಚಿಲ್ಲರ್ · 5:47

ತತ್ವದಲ್ಲಿ ಸರಿ ತಮ್ಮಾ. ನೀರನ್ನೇ ತಣ್ಣಗೆ ಇಟ್ಟರೆ ಹೋಗಬಹುದು. ಆದರೆ ಎಷ್ಟು ಐಸ್ ಬೇಕು ಅಂತ ಲೆಕ್ಕ ಹಾಕಿದ್ದೀಯಾ? ಎಸಿಗೆ ಒಂದು ಟನ್, ಎರಡು ಟನ್ ಅನ್ನುತ್ತೇವಲ್ಲ, ಆ ಟನ್ ಬಂದದ್ದೇ ಐಸಿನಿಂದ. ಒಂದು ದಿನಕ್ಕೆ ಒಂದು ಟನ್ ಮಂಜುಗಡ್ಡೆ ಕರಗಿದರೆ ಎಷ್ಟು ತಂಪು ಸಿಗುತ್ತದೋ ಅಷ್ಟು. ಅದು ಅಮೆರಿಕದ ಟನ್, 907 ಕಿಲೋ. ಗಂಟೆಗೆ ಲೆಕ್ಕ ಹಾಕಿದರೆ 38 ಕಿಲೋ. ಎರಡು ಟ್ರೇ ಐಸ್ ಒಂದು ಕಿಲೋ ಕೂಡ ಇರುವುದಿಲ್ಲ. ಕಾಲು ಗಂಟೆ ಹಿತ ಅನ್ನಿಸಬಹುದು. ಆಮೇಲೆ ಮತ್ತೆ ಅದೇ ಕತೆ.

ಕಡಲ ಬದಿ · ರಾತ್ರಿ 8:05

ನಮ್ಮ ಮೊಬೈಲಿನಲ್ಲಿ ಮಂಗಳೂರು 34, 'ಅನುಭವಕ್ಕೆ 43' ಅಂತ ತೋರಿಸುತ್ತಿದೆ. ಈ 43 ವೆಟ್ ಬಲ್ಬಾ? ಪೇಪರಿನಲ್ಲಿ 35 ದಾಟಿದರೆ ಮನುಷ್ಯ ಬದುಕುವುದಿಲ್ಲ ಅಂತ ಓದಿದ್ದೆ. ಹಾಗಾದರೆ ನಾವು ಹೇಗೆ ಬದುಕಿದ್ದೇವೆ?

ಸುರತ್ಕಲ್ ಚಿಲ್ಲರ್ · 8:21

ಅಲ್ಲ. ಅವೆರಡೂ ಬೇರೆ ಬೇರೆ. 'ಅನುಭವಕ್ಕೆ' ಅನ್ನುವುದು ಬಿಸಿ ಮತ್ತು ತೇವಾಂಶ ಸೇರಿ ಮನುಷ್ಯನಿಗೆ ಹೇಗನ್ನಿಸುತ್ತದೆ ಅಂತ ಲೆಕ್ಕ ಹಾಕಿ ಕೊಟ್ಟ ಅಂಕಿ. ಅದು ಗಾಳಿಯ ಉಷ್ಣತೆಗಿಂತ ಮೇಲಿರಬಹುದು. ವೆಟ್ ಬಲ್ಬ್ ಯಾವತ್ತೂ ಗಾಳಿಯ ಉಷ್ಣತೆಯನ್ನು ದಾಟುವುದಿಲ್ಲ. ತೇವಾಂಶ ನೂರಕ್ಕೆ ನೂರು ಇದ್ದಾಗ ಎರಡೂ ಒಂದೇ ಆಗುತ್ತವೆ, ಅಷ್ಟೇ. 34 ಡಿಗ್ರಿ ದಿನ ಯಾರಾದರೂ ವೆಟ್ ಬಲ್ಬ್ 43 ಅಂದರೆ ಅದು ತಪ್ಪು ಅಂತ ಕಣ್ಣು ಮುಚ್ಚಿ ಹೇಳಬಹುದು.

ಬಿಸಿಲೂರ ಮಗಳು · ಏಪ್ರಿಲ್ 16, ಸಂಜೆ 4:30

ಎರಡು ಥರ್ಮಾಮೀಟರ್ ತಂದೆ. ಒಂದರ ಬುಡಕ್ಕೆ ದೀಪದ ಬತ್ತಿ ಸುತ್ತಿ ನೀರಲ್ಲಿ ಅದ್ದಿ ಹಾಲ್‌ನಲ್ಲಿ ನೇತುಹಾಕಿದೆ. ಒಣಗಿದ್ದು 34, ಒದ್ದೆಯದ್ದು 30. ನಾಲ್ಕೇ ಡಿಗ್ರಿ ಅಂತರ. ಸರಿಯಾಗಿ ಮಾಡಿದ್ದೀನಾ ಅಣ್ಣಾ?

ಸುರತ್ಕಲ್ ಚಿಲ್ಲರ್ · 5:05

ಫ್ಯಾನ್ ಹಾಕಿದ್ದಿರಾ? ಇಲ್ಲ ಅಂತ ಅನ್ನಿಸುತ್ತಿದೆ.

ನಿಂತ ಗಾಳಿಯಲ್ಲಿ ಬತ್ತಿಯ ಸುತ್ತ ಅದರದ್ದೇ ಆವಿ ಕೂತಿರುತ್ತದೆ. ಆಮೇಲೆ ನೀರು ಆರುವುದು ನಿಧಾನ ಆಗುತ್ತದೆ. ಗೋಡೆಯ ಬಿಸಿಯೂ ಸೇರಿಕೊಳ್ಳುತ್ತದೆ. ಅಂಕಿ ಒಂದೆರಡು ಡಿಗ್ರಿ ಮೇಲೆಯೇ ನಿಂತುಬಿಡುತ್ತದೆ. ಟೇಬಲ್ ಫ್ಯಾನನ್ನು ಜೋರಾಗಿ ಇಟ್ಟು ಅದರ ಮುಂದೆ ಒಂದು ಅಡಿ ದೂರದಲ್ಲಿ ಎರಡನ್ನೂ ಹಿಡಿಯಿರಿ. ಐದು ನಿಮಿಷ ಬಿಡಿ. ಅಂಕಿ ಇಳಿಯುವುದು ನಿಂತ ಮೇಲೆ ಓದಿ. ಬತ್ತಿ ಒಣಗಿಬಿಟ್ಟರೆ ಮತ್ತೆ ಏರಲು ಶುರುವಾಗುತ್ತದೆ, ಹಾಗಾಗಿ ಕಣ್ಣಿಟ್ಟಿರಿ.

ಇನ್ನೆರಡು ಮಾತು. ಹೊಸ ಬತ್ತಿಯಲ್ಲಿ ಎಣ್ಣೆ ಅಂಶ ಇರುತ್ತದೆ, ನೀರು ಸರಿಯಾಗಿ ಹೀರುವುದಿಲ್ಲ. ಹಳೆಯ ಮಲ್ಲಿನ ಪಂಚೆಯ ಚೂರನ್ನು ಸೋಪು ಹಾಕಿ ಒಗೆದು ಸುತ್ತಿ, ಅದೇ ಒಳ್ಳೆಯದು. ನೀರು ಬೋರಿನದ್ದು ಬೇಡ, ಬ್ಯಾಟರಿಗೆ ಹಾಕುವ ನೀರು ಹಾಕಿ. ಉಪ್ಪು ಕಟ್ಟಿದ ಬಟ್ಟೆ ಸುಳ್ಳು ಹೇಳುತ್ತದೆ. ಮತ್ತೆ ಬಟ್ಟೆ ಸುತ್ತುವ ಮೊದಲು ಎರಡು ಥರ್ಮಾಮೀಟರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಅಂಕಿ ತೋರಿಸುತ್ತಾ? ನಮಗೆ ಬೇಕಿರುವುದು ಎರಡರ ಅಂತರ. ಅವುಗಳಲ್ಲೇ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಇಡೀ ಲೆಕ್ಕ ಕೆಡುತ್ತದೆ.

ರೇಷ್ಮೆ ಮನೆ · 6:40

ಈ ಎರಡು ಥರ್ಮಾಮೀಟರ್ ನಮ್ಮ ಹುಳು ಮನೆ ಗೋಡೆಯಲ್ಲಿ ಮೊದಲಿನಿಂದಲೂ ಇದೆ. ರಾಮನಗರದ ಕಡೆ ಹುಳು ಸಾಕುವವರಲ್ಲಿ ತುಂಬಾ ಜನರ ಮನೆಯಲ್ಲಿ ಸಿಗುತ್ತದೆ. ಚಾಕಿ, ಅಂದರೆ ಮರಿ ಹುಳುವಿಗೆ 27 ಡಿಗ್ರಿ ಇಟ್ಟು, ಒದ್ದೆಯದ್ದು ಒಂದೂವರೆ ಡಿಗ್ರಿ ಕೆಳಗೆ ಇರುವಂತೆ ನೋಡಿಕೊಳ್ಳುತ್ತೇವೆ. ತೇವ ಬೇಕೇ ಬೇಕು, ಇಲ್ಲದಿದ್ದರೆ ಸೊಪ್ಪು ಬಾಡುತ್ತದೆ. ಅಕ್ಕಾ, ತೇವ ಕಮ್ಮಿ ಆದರೆ ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಗೋಣಿ ಕಟ್ಟಿ. ಶೇ 85 ಆರಾಮಾಗಿ ನಿಲ್ಲುತ್ತದೆ.

ಬಿಸಿಲೂರ ಮಗಳು · 6:52

ಅಣ್ಣಾ, ನಮಗೆ ತೇವ ಕಮ್ಮಿ ಆಗಬೇಕು, ಜಾಸ್ತಿ ಅಲ್ಲ.

ರೇಷ್ಮೆ ಮನೆ · 7:10

ಓ, ನಾನು ತಪ್ಪು ತಿಳಿದೆ. ಹಾಗಾದರೆ ನಿಮ್ಮದು ನಮ್ಮ ದೊಡ್ಡ ಹುಳುವಿನ ಕಷ್ಟ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಹುಳುವಿಗೆ ಒಣ ಗಾಳಿ ಬೇಕು. 24 ಡಿಗ್ರಿ ಇದ್ದಾಗ ಅಂತರ ನಾಲ್ಕು ಇರಬೇಕು. ಮಳೆಗಾಲದಲ್ಲಿ ಅಂತರ ಎರಡಕ್ಕೆ ಬಂದರೆ ಹಾಸಿಗೆ ಒದ್ದೆಯಾಗಿ ರೋಗ ಬರುತ್ತದೆ. ಆಗ ಸುಣ್ಣ ಎರಚಿ ಕಿಟಕಿ ತೆಗೆಯುತ್ತೇವೆ. ಆದರೆ ನಾವು ಫ್ಯಾನ್ ಹಿಡಿಯುವುದಿಲ್ಲ. ನಮ್ಮ ಅಳತೆ ತಪ್ಪೇ ಹಾಗಾದರೆ?

ಸುರತ್ಕಲ್ ಚಿಲ್ಲರ್ · 7:35

ತಪ್ಪಲ್ಲ ಸ್ವಾಮಿ. ಗೋಡೆಯ ಉಪಕರಣದ ಜೊತೆ ಬರುವ ಕೋಷ್ಟಕವನ್ನು ನಿಂತ ಗಾಳಿಗೇ ಮಾಡಿರುತ್ತಾರೆ. ನಿಮ್ಮ ಉಪಕರಣಕ್ಕೆ ನಿಮ್ಮ ಕೋಷ್ಟಕ. ಅದನ್ನು ಸೈಕ್ರೋಮೆಟ್ರಿಕ್ ಚಾರ್ಟ್, ಅಂದರೆ ಗಾಳಿಯ ಬಿಸಿ ಮತ್ತು ತೇವ ಎರಡನ್ನೂ ಒಟ್ಟಿಗೆ ತೋರಿಸುವ ನಕ್ಷೆಯ ಮೇಲೆ ಇಟ್ಟು ಓದಿದರೆ ಮಾತ್ರ ತಪ್ಪುತ್ತದೆ. ಚಾರ್ಟಿಗೆ ಬೀಸುವ ಗಾಳಿಯ ಅಂಕಿ ಬೇಕು. ನೀವು 24ಕ್ಕೆ ನಾಲ್ಕರ ಅಂತರ ಅಂದಿರಲ್ಲ, ಅದು ಹೆಚ್ಚು ಕಡಿಮೆ ಶೇ 70. ಮನುಷ್ಯರಿಗೂ ಅದರ ಮೇಲೆ ಹೋದರೆ ಇರಿಸುಮುರಿಸು ಶುರು.

ಬಿಸಿಲೂರ ಮಗಳು · ಏಪ್ರಿಲ್ 17, ಮಧ್ಯಾಹ್ನ 3:15

ಪಂಚೆ ಚೂರು, ಬ್ಯಾಟರಿ ನೀರು, ಫ್ಯಾನ್. ಎಲ್ಲ ನೀವು ಹೇಳಿದ ಹಾಗೇ. ಒಣಗಿದ್ದು 34, ಒದ್ದೆಯದ್ದು 28. ಮೂರು ಸಲ ನೋಡಿದೆ, ಅದೇ ಬಂತು.

ನೆಟ್‌ನಿಂದ ಸೈಕ್ರೋಮೆಟ್ರಿಕ್ ಚಾರ್ಟ್ ಕೂಡ ಪ್ರಿಂಟ್ ತೆಗೆಸಿದೆ. ಅದನ್ನು ನೋಡಿದರೆ ತಲೆ ತಿರುಗುತ್ತದೆ. ಎಷ್ಟೊಂದು ಗೆರೆ! ಎಲ್ಲಿಂದ ಶುರು ಮಾಡಲಿ?

ಸುರತ್ಕಲ್ ಚಿಲ್ಲರ್ · ರಾತ್ರಿ 9:00

ನಾಲ್ಕೇ ಗೆರೆ ಸಾಕು. ಉಳಿದದ್ದನ್ನು ಇವತ್ತು ನೋಡಲೇಬೇಡಿ.

ಕೆಳಗಿನ ಅಂಚಿನಲ್ಲಿ ಗಾಳಿಯ ಉಷ್ಣತೆ. ಬಲಗಡೆ ಅಂಚಿನಲ್ಲಿ ಒಂದು ಕಿಲೋ ಒಣ ಗಾಳಿಯ ಜೊತೆ ಎಷ್ಟು ಗ್ರಾಂ ನೀರಿದೆ ಅನ್ನುವುದು. ಎಡಗಡೆ ಬಿಲ್ಲಿನಂತೆ ಬಾಗಿ ಮೇಲೇರುವ ಗೆರೆ ಇದೆಯಲ್ಲ, ಅದು ಶೇ 100 ತೇವಾಂಶ. ಅದರಾಚೆ ಗಾಳಿಗೆ ನೀರು ಹಿಡಿಯುವ ಶಕ್ತಿ ಇಲ್ಲ. ಆ ಬಿಲ್ಲಿನಿಂದ ಬಲಕ್ಕೆ ಓರೆಯಾಗಿ ಇಳಿಯುವ ಗೆರೆಗಳು ವೆಟ್ ಬಲ್ಬಿನವು.

ಈಗ ಪೆನ್ಸಿಲ್ ಹಿಡಿಯಿರಿ. ಕೆಳಗೆ 34ರಿಂದ ನೇರ ಮೇಲಕ್ಕೆ ಹೋಗಿ. ಬಿಲ್ಲಿನ ಮೇಲೆ 28 ಹುಡುಕಿ, ಅಲ್ಲಿಂದ ಓರೆ ಗೆರೆ ಹಿಡಿದು ಕೆಳಗೆ ಬನ್ನಿ. ಎರಡೂ ಸೇರುವ ಜಾಗದಲ್ಲಿ ಚುಕ್ಕೆ ಇಡಿ. ಅದೇ ನಿಮ್ಮ ಹಾಲ್‌ನ ಗಾಳಿ. ಚುಕ್ಕೆಯಿಂದ ಬಲಕ್ಕೆ ಅಡ್ಡ ಹೋದರೆ 21 ಮತ್ತು 22ರ ನಡುವೆ ಮುಟ್ಟುತ್ತೀರಿ. ಇಪ್ಪತ್ತೊಂದೂವರೆ ಗ್ರಾಂ ಅಂದುಕೊಳ್ಳಿ. ಎಡಕ್ಕೆ ಅಡ್ಡ ಹೋಗಿ ಬಿಲ್ಲನ್ನು ಮುಟ್ಟಿದರೆ 26. ಅದು ಡ್ಯೂ ಪಾಯಿಂಟ್. 26ಕ್ಕಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನಿಮ್ಮ ಮನೆಯಲ್ಲಿ ನೀರು ಕೂರುತ್ತದೆ.

ಕೂಲರ್ ಏನು ಮಾಡುತ್ತದೆ ಗೊತ್ತಾ? ಚುಕ್ಕೆಯನ್ನು ಆ ಓರೆ ಗೆರೆಯ ಮೇಲೇ ಎಡಕ್ಕೆ, ಮೇಲಕ್ಕೆ ಜಾರಿಸುತ್ತದೆ. ಅಂತರ ಆರು, ಅದರ ಮುಕ್ಕಾಲು ನಾಲ್ಕೂವರೆ. 34 ಇಳಿದು ಇಪ್ಪತ್ತೊಂಬತ್ತೂವರೆ ಆಯಿತು. ಆ ಹೊಸ ಚುಕ್ಕೆಯಲ್ಲಿ ತೇವಾಂಶ ನೋಡಿ, ಶೇ 90ರ ಹತ್ತಿರ. ನೀರು ಎರಡು ಗ್ರಾಂ ಜಾಸ್ತಿ. ಶಾಖ ಎಲ್ಲಿಗೂ ಹೋಗಿಲ್ಲ. ಬಿಸಿಯಾಗಿದ್ದದ್ದು ಆವಿಯಾಗಿ ಗಾಳಿಯಲ್ಲೇ ಕೂತಿದೆ. ವೆಟ್ ಬಲ್ಬ್ ಆಗಲೂ 28, ಈಗಲೂ 28.

ಕಿಟಕಿ ಮುಚ್ಚಿದರೆ ಇನ್ನೂ ಕಷ್ಟ. ಅದೇ ಒದ್ದೆ ಗಾಳಿ ಮತ್ತೆ ಪ್ಯಾಡಿಗೆ ಬರುತ್ತದೆ. ಮೋಟರಿನ ಶಾಖ, ನಿಮ್ಮ ಮೈಯ ಶಾಖ, ನಿಮ್ಮ ಬೆವರು ಎಲ್ಲ ಅಲ್ಲೇ ಸೇರುತ್ತವೆ. ಈಗ ವೆಟ್ ಬಲ್ಬೇ ಏರಲು ಶುರು. ನಿಮ್ಮ ಪುಸ್ತಕದ ಹಾಳೆ ಮೆತ್ತಗಾದದ್ದು ಇದರಿಂದ.

ಸದ್ಯಕ್ಕೆ ಪಂಪ್ ಆಫ್ ಮಾಡಿ, ಟ್ಯಾಂಕ್ ಖಾಲಿ ಮಾಡಿ. ಕಿಟಕಿ ತೆರೆದು ಅದನ್ನು ಬರೀ ಫ್ಯಾನ್ ಆಗಿ ಓಡಿಸಿ. ಇಪ್ಪತ್ತೊಂಬತ್ತೂವರೆಯ ಒದ್ದೆ ಗಾಳಿಗಿಂತ 34ರ ಬೀಸುವ ಗಾಳಿ ಬೆವರನ್ನು ಚೆನ್ನಾಗಿ ಆರಿಸುತ್ತದೆ.

ಹೂಜಿ ನೀರು · 9:40

ಓದಿ ಮನಸ್ಸಿಗೆ ಒಂದು ಹಳೆ ಪ್ರಶ್ನೆ ತಿಳಿಯಾಯಿತು. ರಾಯಚೂರಿನಲ್ಲಿ ನಮ್ಮ ಅಜ್ಜಿ ಮನೆ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಉಡುಪಿಗೆ ಮದುವೆಯಾಗಿ ಬಂದ ಮೇಲೆ ಎಷ್ಟು ಮಡಕೆ ಬದಲಿಸಿದರೂ ಹಾಗಾಗಲಿಲ್ಲ. ಇಲ್ಲಿನ ಮಣ್ಣು ಸರಿ ಇಲ್ಲ ಅಂತ ಅಂದುಕೊಂಡಿದ್ದೆ. ಮಡಕೆಯೂ ವೆಟ್ ಬಲ್ಬಿನ ಕೆಳಗೆ ಇಳಿಯುವುದಿಲ್ಲ, ಅಲ್ವಾ?

ಸುರತ್ಕಲ್ ಚಿಲ್ಲರ್ · 9:48

ಹೌದು ಅಮ್ಮಾ, ಅದೇ ಲೆಕ್ಕ. ಇಲ್ಲಿ ಮಡಕೆ ಎಷ್ಟೇ ಒಳ್ಳೆಯದಿದ್ದರೂ 28ರ ಮೇಲೆಯೇ ನಿಲ್ಲುತ್ತದೆ. ಕೂಲರ್ ಟ್ಯಾಂಕಿನ ನೀರೂ ಹಾಗೇ. ಒಂದು ಗಂಟೆ ಓಡಿಸಿ ಆ ನೀರಿಗೆ ಥರ್ಮಾಮೀಟರ್ ಅದ್ದಿದರೆ ವೆಟ್ ಬಲ್ಬಿನ ಹತ್ತಿರದ ಅಂಕಿ ಸಿಗುತ್ತದೆ.

ಬೆಂಗಳೂರು ಮಳೆ · ಏಪ್ರಿಲ್ 18, ಬೆಳಿಗ್ಗೆ 7:20

ಒಂದು ವಿಷಯ ಒಪ್ಪಲು ಆಗುತ್ತಿಲ್ಲ. ಇಲ್ಲಿ ಜುಲೈ ರಾತ್ರಿ 20 ಡಿಗ್ರಿ, ತೇವಾಂಶ ಶೇ 90 ಇರುತ್ತದೆ. ಯಾರಿಗೂ ಸೆಕೆ ಆಗುವುದಿಲ್ಲ, ಹೊದ್ದು ಮಲಗುತ್ತೇವೆ. ಅಕ್ಕನ 34, 28ರ ಚುಕ್ಕೆಗೆ ಚಾರ್ಟಿನಲ್ಲಿ ಶೇ 64 ಬರುತ್ತದೆ, ಮಂಗಳೂರಿನಲ್ಲಿ ಅಷ್ಟಕ್ಕೇ ಇಷ್ಟು ಒದ್ದಾಟ. ಹಾಗಿದ್ದರೆ ತೇವಾಂಶಕ್ಕೂ ಸೆಕೆಗೂ ಏನು ಸಂಬಂಧ?

ಸುರತ್ಕಲ್ ಚಿಲ್ಲರ್ · 7:55

ಶೇಕಡಾ ಅಂಕಿ ಒಂದನ್ನೇ ನೋಡಿದರೆ ಹೀಗೆ ದಾರಿ ತಪ್ಪುತ್ತದೆ. ಅದು 'ಈ ಉಷ್ಣತೆಯಲ್ಲಿ ಹಿಡಿಯಬಹುದಾದ ನೀರಿನಲ್ಲಿ ಎಷ್ಟು ಪಾಲು ತುಂಬಿದೆ' ಅನ್ನುವ ಅಂಕಿ. 20 ಡಿಗ್ರಿಯ ಪಾತ್ರೆ ಚಿಕ್ಕದು, 34ರದ್ದು ದೊಡ್ಡದು. ಚಿಕ್ಕ ಪಾತ್ರೆ ತುಂಬಿ ತುಳುಕಿದರೂ ನೀರು ಕಮ್ಮಿಯೇ. ನಿಮ್ಮ 20 ಡಿಗ್ರಿ, ಶೇ 90ರ ಗಾಳಿಗೆ ಡ್ಯೂ ಪಾಯಿಂಟ್ 18. ಇಲ್ಲಿ ಅಕ್ಕನ ಮನೆಯದ್ದು 26. ಬೆವರಿಗೆ ಗೊತ್ತಾಗುವುದು ಆ ಅಂಕಿ, ಶೇಕಡಾ ಅಲ್ಲ.

ಇನ್ನೊಂದು ಮಾತು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ. ಸಮುದ್ರ ಮಟ್ಟದ ಚಾರ್ಟಿನಲ್ಲಿ ನಿಮ್ಮ ಊರಿನ ಗ್ರಾಂ ಓದಿದರೆ ಸ್ವಲ್ಪ ಕಮ್ಮಿ ಬರುತ್ತದೆ. ಎತ್ತರಕ್ಕೆ ಬೇರೆ ಚಾರ್ಟ್ ಇರುತ್ತದೆ, ಅದನ್ನೇ ತೆಗೆದುಕೊಳ್ಳಿ. ಮಂಗಳೂರಿಗೆ ಸಮುದ್ರ ಮಟ್ಟದ್ದೇ ಸರಿ.

ದಮ್ಮಾಮ್ ಕನ್ನಡಿಗ · 10:30

ಕುಂದಾಪುರದವನು, ಈಗ ಸೌದಿಯಲ್ಲಿದ್ದೇನೆ. ಇಲ್ಲಿ ಆಗಸ್ಟ್ ರಾತ್ರಿ ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಪೂರ್ತಿ ಮಂಜಾಗುತ್ತದೆ. ಅದೂ ಡ್ಯೂ ಪಾಯಿಂಟೇ ಇರಬೇಕು. ಕನ್ನಡಕ ತಣ್ಣಗಿರುತ್ತದೆ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೆ ನನ್ನ ಅನುಭವದಲ್ಲಿ ಒಣ ಗಾಳಿಯ ಮಧ್ಯಾಹ್ನಕ್ಕಿಂತ ಕಡಲ ಗಾಳಿ ಬೀಸುವ ಸಂಜೆ ಜಾಸ್ತಿ ಕಷ್ಟ. ಬಿಸಿಲು ಹೋಗಿರುತ್ತದೆ, ಬೆವರು ಮಾತ್ರ ಆರುವುದೇ ಇಲ್ಲ.

ಕಡಲ ಬದಿ · 11:15

ಹಾಗಾದರೆ 35ರ ಮಾತು? ಅಕ್ಕನ ಮನೆಯಲ್ಲಿ 28. ಇನ್ನೂ ಏಳು ಡಿಗ್ರಿ ಇದೆ. ಅತ್ತೆಯವರಿಗೆ ಅಪಾಯ ಇಲ್ಲ ಅಂತಲೇ ಅರ್ಥ ಅಲ್ವಾ?

ವಾರ್ಡ್ ಸಿಸ್ಟರ್ · 12:40

ಹಾಗೆ ಅಂದುಕೊಳ್ಳಬೇಡಿ. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ನರ್ಸ್.

35 ಅನ್ನುವುದು 2010ರ ಒಂದು ಸಂಶೋಧನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಕೊನೆಯ ಗಡಿ. ನಮ್ಮ ಚರ್ಮ ಸುಮಾರು 35 ಇರುತ್ತದೆ. ವೆಟ್ ಬಲ್ಬೂ 35 ಆದರೆ ಬೆವರಿನಿಂದ ಮೈಯ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲ. ನೆರಳಲ್ಲಿ, ಸುಮ್ಮನೆ ಕೂತ, ಗಟ್ಟಿಮುಟ್ಟಾದ ಮನುಷ್ಯನಿಗೂ ಇಲ್ಲ. ಆದರೆ 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ನಿಜವಾದ ಜನರನ್ನು ಕೋಣೆಯಲ್ಲಿ ಕೂರಿಸಿ ನೋಡಿದರು. ಆರೋಗ್ಯವಂತ ಯುವಕ ಯುವತಿಯರು, ಹಗುರ ಕೆಲಸ. ತೇವದ ಗಾಳಿಯಲ್ಲಿ 30, 31ಕ್ಕೇ ಅವರ ಮೈಯ ಒಳಗಿನ ಬಿಸಿ ಏರುತ್ತಾ ಹೋಯಿತು.

72 ವರ್ಷದವರಿಗೆ ಬೆವರು ಕಮ್ಮಿ ಬರುತ್ತದೆ, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಬಿಪಿಗೆ ನೀರು ಹೋಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜೋಪಾನ ಬೇಕು. 28 ಅವರಿಗೆ ಆರಾಮದ ಅಂಕಿ ಅಲ್ಲ. ಅಕ್ಕಾ, ಮಧ್ಯಾಹ್ನ ಅತ್ತೆಯವರ ಕೈಕಾಲು ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ ಫ್ಯಾನ್ ಬಿಡಿ. ಮಾತು ತೊದಲಿದರೆ, ಗೊಂದಲ ಆದರೆ ಆಸ್ಪತ್ರೆಗೆ ಓಡಿ. ಅಂಕಿಗೆ ಕಾಯಬೇಡಿ.

ಬಿಸಿಲೂರ ಮಗಳು · ಮಧ್ಯಾಹ್ನ 2:05

ಸಿಸ್ಟರ್, ತುಂಬಾ ಉಪಕಾರ ಆಯಿತು. ಬಿಪಿ ಮಾತ್ರೆ ಇದೆ, ಡಾಕ್ಟರನ್ನು ಕೇಳುತ್ತೇನೆ. ಅತ್ತೆಯವರನ್ನು ಈಗ ಮಧ್ಯಾಹ್ನ ಎಸಿ ಕೋಣೆಯಲ್ಲೇ ಮಲಗಿಸುತ್ತಿದ್ದೇವೆ.

ಆದರೆ ಎಸಿಯದ್ದೂ ಒಂದು ಕತೆ ಇದೆ. ಕೋಣೆ 10 ಅಡಿ, 12 ಅಡಿ. ಅಂಗಡಿಯವರು ಕರಾವಳಿಗೆ ದೊಡ್ಡದೇ ಬೇಕು ಅಂತ ಎರಡು ಟನ್ ಕೊಟ್ಟರು. 24ಕ್ಕೆ ಇಟ್ಟರೆ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಆದರೂ ಚಳಿ ಚಳಿ, ಜಿಗುಟು ಜಿಗುಟು. ಗೋಡೆಯ ಮೂಲೆಯಲ್ಲಿ ಬೂಷ್ಟು ಬಂದಿದೆ. ಇವತ್ತು ಅಲ್ಲೂ ಅಳೆದೆ. ಒಣಗಿದ್ದು 24, ಒದ್ದೆಯದ್ದು ಇಪ್ಪತ್ತೊಂದೂವರೆ.

ಸುರತ್ಕಲ್ ಚಿಲ್ಲರ್ · ರಾತ್ರಿ 8:30

ನಿಮ್ಮ ಅಳತೆಯೇ ಎಲ್ಲ ಹೇಳಿತು. ಚಾರ್ಟಿನಲ್ಲಿ ಇಟ್ಟು ನೋಡಿ, ತೇವಾಂಶ ಶೇ 80. ರಿಮೋಟ್ 24 ಅನ್ನುತ್ತದೆ, ಅದು ನಿಜ. ಆದರೆ ಎಸಿಯ ಅರ್ಧ ಕೆಲಸ ಮಾತ್ರ ಆಗಿದೆ.

ಎಸಿ ಚಾರ್ಟಿನ ಮೇಲೆ ಬೇರೆ ದಾರಿ ಹಿಡಿಯುತ್ತದೆ. ಒಳಗಿನ ತಣ್ಣನೆ ಕಾಯಿಲಿಗೆ ಗಾಳಿ ತಾಗಿದಾಗ ಚುಕ್ಕೆ ಮೊದಲು ನೇರ ಎಡಕ್ಕೆ ಹೋಗುತ್ತದೆ. ಬಿಲ್ಲಿನ ಹತ್ತಿರ ಬಂದ ಮೇಲೆ ಅದರ ಪಕ್ಕದಲ್ಲೇ ಕೆಳಗೆ ಇಳಿಯುತ್ತದೆ. ಹಾಗೆ ಇಳಿಯುವಾಗ ಮಾತ್ರ ನೀರು ಹೊರಬರುತ್ತದೆ. ಈ ಎರಡನೇ ಭಾಗ ಇಲ್ಲಿ ತುಂಬಾ ದೊಡ್ಡದು. ಹೊರಗಿನ 34ರ ಗಾಳಿಯನ್ನು 25 ಡಿಗ್ರಿ, ಶೇ 55ಕ್ಕೆ ತರಬೇಕು ಅಂದುಕೊಳ್ಳಿ. ಕಿಲೋಗೆ 21.5 ಗ್ರಾಂ ಇದ್ದ ನೀರು 11ಕ್ಕೆ ಇಳಿಯಬೇಕು. ತೆಗೆಯಬೇಕಾದ ಒಟ್ಟು ಶಾಖದಲ್ಲಿ ಸುಮಾರು ಮುಕ್ಕಾಲು ಪಾಲು ಈ ನೀರಿನದ್ದೇ. ಉಷ್ಣತೆ ಇಳಿಸುವುದು ಬರೀ ಕಾಲು ಪಾಲು.

ನಿಮ್ಮ ಎರಡು ಟನ್ನಿನ ಎಸಿ ಆ ಕಾಲು ಪಾಲನ್ನು ಹತ್ತು ನಿಮಿಷದಲ್ಲಿ ಮುಗಿಸಿ ಕಂಪ್ರೆಸರ್ ನಿಲ್ಲಿಸುತ್ತದೆ. ಕಾಯಿಲ್ ಮೇಲೆ ಕೂತ ನೀರು ಇನ್ನೂ ತಟ್ಟೆಗೆ ಇಳಿದಿರುವುದಿಲ್ಲ. ಫ್ಯಾನ್ ಓಡುತ್ತಲೇ ಇರುತ್ತದೆ, ಆ ನೀರನ್ನು ವಾಪಸ್ಸು ಕೋಣೆಗೇ ಊದುತ್ತದೆ.

ಒಂದು ಪ್ರಶ್ನೆ. ಆ ಕೋಣೆಯಲ್ಲಿ ವೆಂಟಿಲೇಟರ್ ಇದೆಯಾ? ಹಳೆ ಮಂಗಳೂರಿನ ಮನೆಗಳಲ್ಲಿ ಮುಚ್ಚಲು ಬಾರದ ಜಾಲರಿ ಇರುತ್ತದೆ.

ಬಿಸಿಲೂರ ಮಗಳು · 8:41

ಇದೆ! ಬಾಗಿಲ ಮೇಲೆ ಒಂದು, ಬಾತ್‌ರೂಮಿನ ಕಡೆ ಒಂದು. ಎರಡೂ ತೆರೆದೇ ಇವೆ.

ಸುರತ್ಕಲ್ ಚಿಲ್ಲರ್ · 9:10

ಹಾಗಾದರೆ ಲೆಕ್ಕ ನೋಡಿ. ನಿಮ್ಮ ಕೋಣೆಯಲ್ಲಿ 34 ಘನ ಮೀಟರ್ ಗಾಳಿ, ಅಂದರೆ ಸುಮಾರು 38 ಕಿಲೋ. ವೆಂಟಿಲೇಟರಿನಿಂದ ಗಂಟೆಗೊಮ್ಮೆ ಅಷ್ಟೂ ಗಾಳಿ ಬದಲಾಯಿತು ಅಂದುಕೊಳ್ಳೋಣ. ಕಿಲೋಗೆ ಹತ್ತೂವರೆ ಗ್ರಾಂ ಹೆಚ್ಚುವರಿ ನೀರು. ಗಂಟೆಗೆ 400 ಗ್ರಾಂ ಒಳಗೆ ಬಂತು. ಮಲಗಿದ ಒಬ್ಬರಿಂದ ಉಸಿರು, ಬೆವರು ಸೇರಿ ಬರುವುದು ಅದರ ಹತ್ತರಲ್ಲಿ ಒಂದು ಪಾಲು. ಎಸಿ ಒದ್ದಾಡುತ್ತಿರುವುದು ನಿಮ್ಮಿಂದಲ್ಲ, ಆ ಜಾಲರಿಯಿಂದ.

ನಾಳೆ ಜಾಲರಿ ಎರಡನ್ನೂ ದಪ್ಪ ಪ್ಲಾಸ್ಟಿಕ್ ಶೀಟಿನಿಂದ ಮುಚ್ಚಿ. ಎಸಿಯ ಫ್ಯಾನ್ ವೇಗ ಕಮ್ಮಿ ಮಾಡಿ. ಗಾಳಿ ನಿಧಾನ ಆದಷ್ಟೂ ಕಾಯಿಲ್ ಹೆಚ್ಚು ತಣ್ಣಗಾಗಿ ನೀರು ಜಾಸ್ತಿ ತೆಗೆಯುತ್ತದೆ. ಹೊರಗೆ ನೀರು ಬೀಳುವ ಪೈಪಿನ ಕೆಳಗೆ ಬಕೆಟ್ ಇಡಿ. ಬಕೆಟ್ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಒಂದು ಸಲ ಬಾಗಿಲು ಕಿಟಕಿ ತೆಗೆದು ಗಾಳಿ ಆಡಿಸಿ, ದಿನವಿಡೀ ಮುಚ್ಚಿಕೊಂಡೇ ಇರಬೇಡಿ.

ಬಿಸಿಲೂರ ಮಗಳು · ಏಪ್ರಿಲ್ 22, ಬೆಳಿಗ್ಗೆ 9:15

ಮೂರು ರಾತ್ರಿ ನೋಡಿದೆ. ಜಾಲರಿ ಮುಚ್ಚಿದ ಮೊದಲ ರಾತ್ರಿ 24ಕ್ಕೆ 19 ಬಂತು. ಅತ್ತೆಯವರು ಚಳಿ ಅಂದರು! ಈಗ 26ಕ್ಕೆ ಇಟ್ಟು ಮೇಲಿನ ಫ್ಯಾನನ್ನು ಎರಡರಲ್ಲಿ ಬಿಟ್ಟಿದ್ದೇವೆ. ಒದ್ದೆಯದ್ದು ಇಪ್ಪತ್ತೂವರೆ. ಮೊದಲಿನ 24ಕ್ಕಿಂತ ಈ 26 ಎಷ್ಟೋ ಹಿತ. ಹಾಸಿಗೆ ಒಣಗಿದೆ.

ಪಿಯುಸಿ ಫಿಸಿಕ್ಸ್ · 9:50

ಅಕ್ಕಾ, ನಾನೂ ಒಂದು ಮಾಡಿ ನೋಡಿದೆ. ಸ್ಟೀಲ್ ಲೋಟದಲ್ಲಿ ನೀರು ಹಾಕಿ ಸ್ವಲ್ಪ ಸ್ವಲ್ಪ ಐಸ್ ಕಲಸುತ್ತಾ ಹೋದೆ. ಲೋಟದ ಹೊರಗೆ ಮಂಜು ಕಾಣಿಸಿದ ಕ್ಷಣ ನೀರಿನ ಉಷ್ಣತೆ ನೋಡಿದರೆ 25 ಇತ್ತು. ಅದೇ ಡ್ಯೂ ಪಾಯಿಂಟ್ ಅಲ್ವಾ ಸರ್? ಕಿಟಕಿ ಮುಚ್ಚಿ ಅಂತ ಮೊದಲು ಹೇಳಿದ್ದು ತಪ್ಪಾಯಿತು.

ಸುರತ್ಕಲ್ ಚಿಲ್ಲರ್ · 10:20

ಭೇಷ್ ತಮ್ಮಾ, ಅದೇ. ನಿಧಾನವಾಗಿ ಕಲಸಬೇಕು, ಉಸಿರು ಲೋಟಕ್ಕೆ ತಾಗಬಾರದು. ಆಗ ಒಂದು ಡಿಗ್ರಿಯೊಳಗೆ ಸರಿ ಬರುತ್ತದೆ.

ಕಡಲ ಬದಿ · 11:00

ಜೂನ್ ಬಂದರೆ ಏನು ಮಾಡುವುದು? ಆಗ 27 ಡಿಗ್ರಿ, ತೇವಾಂಶ ಶೇ 92. ಸೆಕೆ ಇಲ್ಲ, ಆದರೆ ಬಟ್ಟೆ ಒಣಗುವುದಿಲ್ಲ, ಬೀರುವಿನಲ್ಲಿ ಸೀರೆಗೆ ಬೂಷ್ಟು. ಎಸಿ 26ಕ್ಕೆ ಇಟ್ಟರೆ ಓಡುವುದೇ ಇಲ್ಲ.

ಸುರತ್ಕಲ್ ಚಿಲ್ಲರ್ · 11:30

ಚಾರ್ಟಿನಲ್ಲಿ ಆ ಚುಕ್ಕೆ ಇಟ್ಟು ನೋಡಿ. ಸುಮಾರು 21 ಗ್ರಾಂ. ಏಪ್ರಿಲಿನ ಸೆಕೆಯಲ್ಲಿ ಇದ್ದಷ್ಟೇ ನೀರು! ಉಷ್ಣತೆ ಮಾತ್ರ ಇಳಿದಿದೆ. ಎಸಿಗೆ ಉಷ್ಣತೆ ಒಂದೇ ಗೊತ್ತು, ಅದಕ್ಕೇ ನಿಂತುಬಿಡುತ್ತದೆ. ಆ ಕಾಲಕ್ಕೆ ಗಾಳಿಯಿಂದ ಬರೀ ನೀರು ತೆಗೆಯುವ ಮೆಷೀನು, ಡೀಹ್ಯೂಮಿಡಿಫೈಯರ್, ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ದಮ್ಮಾಮ್ ಕನ್ನಡಿಗ · 12:10

ನಾನು ಒಪ್ಪುವುದಿಲ್ಲ ಸರ್. ಅದು ತೆಗೆದ ನೀರಿನ ಶಾಖವನ್ನು ಹೊರಗೆ ಹಾಕುವುದಿಲ್ಲ, ಕೋಣೆಗೇ ಬಿಡುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 0.7 ಯೂನಿಟ್ ಶಾಖ, ಅದರ ಮೇಲೆ ಮೆಷೀನಿನ ಕರೆಂಟು. ನಮ್ಮ ಊರಿನ ಮನೆಯಲ್ಲಿ ತಂದಿಟ್ಟಾಗ ಮುಚ್ಚಿದ ಕೋಣೆ ಸಂಜೆಗೆ 30 ದಾಟಿತು. ಎಸಿಯನ್ನೇ ಡ್ರೈ ಮೋಡಿನಲ್ಲಿ ಓಡಿಸುವುದು ಮೇಲು.

ಸುರತ್ಕಲ್ ಚಿಲ್ಲರ್ · 12:25

ಮಲಗುವ ಕೋಣೆಗಾದರೆ ನಿಮ್ಮ ಮಾತು ಸರಿ. ಬೀರು ಇರುವ ಕೋಣೆ, ಬಟ್ಟೆ ಒಣಗಿಸುವ ಕೋಣೆಗೆ ಆ ಬಿಸಿಯಿಂದ ತೊಂದರೆ ಇಲ್ಲ, ಅನುಕೂಲವೇ. ಡ್ರೈ ಮೋಡ್ ಬಗ್ಗೆ ಮಾತ್ರ ನನಗೆ ಭರವಸೆ ಕಮ್ಮಿ. ಕೆಲವು ಎಸಿಗಳಲ್ಲಿ ಅದು ಕಂಪ್ರೆಸರನ್ನು ಆಗಾಗ ನಿಲ್ಲಿಸಿ ಓಡಿಸುತ್ತದೆ, ದೊಡ್ಡ ಎಸಿಯಲ್ಲಿ ನೀರು ಮತ್ತೆ ಗಾಳಿಗೇ ಸೇರುತ್ತದೆ.

ಬಿಸಿಲೂರ ಮಗಳು · 12:50

ನಮ್ಮದು ದೊಡ್ಡ ಎಸಿಯೇ. ಮಳೆ ಹಿಡಿದ ಮೇಲೆ ಒಂದು ವಾರ ಡ್ರೈ ಮೋಡಿನಲ್ಲಿ ಬಕೆಟ್ ಇಟ್ಟು ನೋಡುತ್ತೇನೆ. ಎರಡೂ ಥರ್ಮಾಮೀಟರ್ ಆ ಕೋಣೆಯಲ್ಲೇ ಇರುತ್ತವೆ. ಬಂದ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.